ಪ್ರಸವಾನಂತರದ ಖಿನ್ನತೆ

ಪ್ರಸವಾನಂತರದ ಖಿನ್ನತೆ ಎಂಬುದು ಹೆರಿಗೆಯ ನಂತರದ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತಾಯಿಯನ್ನು ಬಾಧಿಸುವ, ಚಿಕಿತ್ಸೆಯಿಂದ ಗುಣವಾಗುವ ಮಾನಸಿಕ ಕಾಯಿಲೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಬಹುಪಾಲು ತಾಯಂದಿರಿಗೆ ಬರುವ ತಾತ್ಕಾಲಿಕ ಬೇಸರ, ಅಂದರೆ 'ಬೇಬಿ ಬ್ಲೂಸ್', ಇದಕ್ಕಿಂತ ಭಿನ್ನವಾದುದು. ಕೊಡಗು ಜಿಲ್ಲೆಯೂ ಸೇರಿದಂತೆ ಕರ್ನಾಟಕದಲ್ಲಿ ಈ ಅವಧಿಯ ಆರೈಕೆಯು ಹೆಚ್ಚಾಗಿ ಮನೆಯಲ್ಲಿ, ಬಾಣಂತನದ ರೂಪದಲ್ಲಿ ನಡೆಯುವುದರಿಂದ ಇವೆರಡರ ವ್ಯತ್ಯಾಸವನ್ನು ಮೊದಲು ಗಮನಿಸುವವರು ಮನೆಯವರೇ ಆಗಿರುತ್ತಾರೆ.

== ವ್ಯತ್ಯಾಸ ==
ತಾತ್ಕಾಲಿಕ ಬೇಸರವು ಸಾಮಾನ್ಯವಾಗಿ ಹೆರಿಗೆಯಾದ 2–3ನೆಯ ದಿನ ಆರಂಭವಾಗಿ, 4–5ನೆಯ ದಿನ ತೀವ್ರವಾಗಿ, ಎರಡು ವಾರದೊಳಗೆ ತಾನಾಗಿಯೇ ಕಡಿಮೆಯಾಗುತ್ತದೆ. ಕಾರಣವಿಲ್ಲದೆ ಅಳು ಬಂದರೂ ನಡುನಡುವೆ ತಾಯಿ ನಗುತ್ತಾಳೆ, ಮಗುವನ್ನು ಎತ್ತಿಕೊಳ್ಳಲು ಬಯಸುತ್ತಾಳೆ. ವಿಶ್ರಾಂತಿ ಮತ್ತು ಮನೆಯವರ ನೆರವು ಇದಕ್ಕೆ ಸಾಕಾಗುತ್ತದೆ.

ಖಿನ್ನತೆಯಲ್ಲಿ ಬೇಸರವು ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಇರುತ್ತದೆ. ಮಗು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದಿರುವುದು, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, 'ನಾನು ಒಳ್ಳೆಯ ತಾಯಿಯಲ್ಲ' ಎಂಬ ಅಪರಾಧಿ ಭಾವ ಇದರ ಲಕ್ಷಣಗಳು. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಗಳಲ್ಲಿಯೂ ಇಂತಹ ಆಯಾಸ ಕಾಣಿಸುವುದರಿಂದ ವೈದ್ಯರು ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ.

== ಗುರುತಿಸುವಿಕೆ ==
ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು ನವಜಾತ ಶಿಶುವಿನ ಆರೈಕೆಗಾಗಿ 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡಬೇಕೆಂಬ ನಿಯಮವಿದೆ. ತಾಯಿಯ ಮನಸ್ಥಿತಿಯನ್ನು ವಿಚಾರಿಸಲೂ ಈ ದಿನಗಳು ಹೊಂದುತ್ತವೆ. ಉದಾಹರಣೆಗೆ, ಚೊಚ್ಚಲ ಹೆರಿಗೆಗೆ ವಿರಾಜಪೇಟೆಯ ತವರಿಗೆ ಬಂದ ಬಾಣಂತಿಯೊಬ್ಬಳು 3ನೆಯ ದಿನ ಅತ್ತು, 7ನೆಯ ದಿನದ ಹೊತ್ತಿಗೆ ಚೇತರಿಸಿಕೊಂಡರೆ ಅದು ತಾತ್ಕಾಲಿಕ ಬೇಸರ. 14ನೆಯ ದಿನವೂ ಊಟ, ನಿದ್ರೆ ಸೇರದೆ, 21ನೆಯ ದಿನ ಮಗುವಿನ ಬಗ್ಗೆ ನಿರಾಸಕ್ತಿ ತೋರಿದರೆ ವೈದ್ಯರಿಗೆ ತೋರಿಸಬೇಕು. ಕಾಫಿ ತೋಟದ ಲೈನ್ ಮನೆಗಳಲ್ಲಿ, ತವರಿನಿಂದ ದೂರವಿರುವ ಬಾಣಂತಿಯ ವಿಷಯದಲ್ಲಿ ಈ ಬದಲಾವಣೆಯನ್ನು ಗಮನಿಸುವವರೇ ಇಲ್ಲದಿರಬಹುದು.

1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿಯು ಹಿಂದಿನ ಏಳು ದಿನಗಳ ಬಗ್ಗೆ 10 ಪ್ರಶ್ನೆಗಳನ್ನು ಕೇಳುತ್ತದೆ. ಅದರ ಕನ್ನಡ ಅವತರಣಿಕೆಯೂ ಇದೆ. ಇದು ಶಂಕೆಯನ್ನು ಸೂಚಿಸುತ್ತದೆಯೇ ಹೊರತು ಕಾಯಿಲೆಯನ್ನು ನಿರ್ಣಯಿಸುವುದಿಲ್ಲ. ಹತ್ತನೆಯ ಪ್ರಶ್ನೆಯು ತನಗೆ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತಾದುದು. ಅದಕ್ಕೆ 'ಹೌದು' ಎಂಬ ಅರ್ಥದ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ತಕ್ಷಣ ವಿಚಾರಿಸಬೇಕು.

== ಬಾಣಂತಿ ಸನ್ನಿ ==
ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುವ ಪ್ರಸವಾನಂತರದ ಮನೋವಿಕಾರಕ್ಕೆ ಜನರಲ್ಲಿ 'ಬಾಣಂತಿ ಸನ್ನಿ' ಎಂಬ ಹೆಸರಿದೆ. ಇದು ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿಯೇ ಆರಂಭವಾಗುತ್ತದೆ. ನಿದ್ರೆಯಿಲ್ಲದ ಚಡಪಡಿಕೆ, ಗೊಂದಲ, ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆಗಳು ಕಂಡರೆ ಹದಿನಾಲ್ಕು ದಿನ ಕಾಯದೆ, ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಸೇರಿಸಬೇಕು.

== ಚಿಕಿತ್ಸೆ ==
ಸೌಮ್ಯ ಖಿನ್ನತೆಗೆ ಆಪ್ತಸಮಾಲೋಚನೆ, ತೀವ್ರವಾದುದಕ್ಕೆ ಔಷಧಿಯೂ ಬೇಕಾಗುತ್ತದೆ. ಸರ್ಟ್ರಲೀನ್‌ನಂತಹ ಕೆಲವು ಔಷಧಿಗಳು ಎದೆಹಾಲಿಗೆ ಅತ್ಯಲ್ಪ ಪ್ರಮಾಣದಲ್ಲಿ ಸೇರುವುದರಿಂದ ವೈದ್ಯರ ಸಲಹೆಯಂತೆ ಹಾಲುಣಿಸುವುದನ್ನು ಮುಂದುವರಿಸಬಹುದು. ಕೊಡಗಿನಲ್ಲಿ ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416.