ಕ್ಷಯರೋಗಿಯ ಮನೆಮಂದಿಯಲ್ಲಿ ಸುಪ್ತ ಸೋಂಕು: ಪರೀಕ್ಷೆಯ ಮಿತಿ, ತಡೆ ಚಿಕಿತ್ಸೆಯ ಕ್ರಮ

ಸುಪ್ತ ಸೋಂಕನ್ನು ಪತ್ತೆಹಚ್ಚುವ ಯಾವ ಪರೀಕ್ಷೆಯೂ ಕ್ಷಯದ ರೋಗಾಣುವನ್ನು ನೇರವಾಗಿ ಕಾಣುವುದಿಲ್ಲ. ದೇಹದ ರೋಗನಿರೋಧಕ ಕಣಗಳಿಗೆ ಆ ರೋಗಾಣುವಿನ ನೆನಪಿದೆಯೇ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ತಡೆ ಚಿಕಿತ್ಸೆಯ ಬಹುತೇಕ ತೊಡಕುಗಳ ಮೂಲ ಇಲ್ಲಿದೆ.

ಹಳೆಯ ಟ್ಯೂಬರ್ಕ್ಯುಲಿನ್ ಚುಚ್ಚುಮದ್ದಿನಲ್ಲಿರುವ ಹಲವು ಪ್ರೋಟೀನುಗಳು ಬಿಸಿಜಿ ಲಸಿಕೆಯ ಜೀವಾಣುವಿನಲ್ಲೂ ಇವೆ. ಹಾಗಾಗಿ ಲಸಿಕೆ ಪಡೆದವರಲ್ಲೂ ತೋಳು ಊದಿಕೊಳ್ಳಬಹುದು. ಈಚೆಗೆ ಬಳಕೆಗೆ ಬಂದ ಸೈ-ಟಿಬಿ ಚರ್ಮ ಪರೀಕ್ಷೆ ಮತ್ತು ರಕ್ತದ ಇಗ್ರಾ ಪರೀಕ್ಷೆ, ಇಸ್ಯಾಟ್-6 ಮತ್ತು ಸಿಎಫ್‌ಪಿ-10 ಎಂಬ ಎರಡು ಪ್ರೋಟೀನುಗಳನ್ನು ಆಧರಿಸಿವೆ. ಇವು ಬಿಸಿಜಿಯಲ್ಲಿಲ್ಲ. ಸೈ-ಟಿಬಿ ಕೊಟ್ಟ 48ರಿಂದ 72 ಗಂಟೆಯೊಳಗೆ ಮುಂಗೈಯನ್ನು ಬೆರಳಿನಿಂದ ಸವರಿ, ಗಟ್ಟಿಯಾದ ಊತದ ಅಂಚನ್ನು ಪೆನ್ನಿನಿಂದ ಗುರುತಿಸಿ, ಅಡ್ಡಳತೆಯನ್ನು ತೆಗೆಯಬೇಕು. 5 ಮಿ.ಮೀ. ಅಥವಾ ಹೆಚ್ಚಿದ್ದರೆ ಪಾಸಿಟಿವ್. ಸುತ್ತಲಿನ ಕೆಂಪನ್ನೂ ಸೇರಿಸಿ ಅಳೆದರೆ ಫಲಿತಾಂಶ ಕೆಟ್ಟಿತು. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆ ನೆಗೆಟಿವ್ ಬರಬಹುದೆಂಬುದೂ ನೆನಪಿರಲಿ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಯಜಮಾನರ ಕಫದಲ್ಲಿ ರೋಗಾಣು ಸಿಕ್ಕಿದೆ. ಅದು ಐಸೋನಿಯಾಜಿಡ್‌ಗೂ ರಿಫಾಂಪಿಸಿನ್‌ಗೂ ಬಗ್ಗುವಂಥದ್ದು. ಮನೆಯಲ್ಲಿ ಹೆಂಡತಿ, 4 ವರ್ಷದ ಮಗಳು, ಮೂರು ವಾರದಿಂದ ಕೆಮ್ಮುತ್ತಿರುವ ತಾಯಿ ಇದ್ದಾರೆ. ತಾಯಿಗೆ ಈಗ ತಡೆ ಚಿಕಿತ್ಸೆಯ ಮಾತೇ ಇಲ್ಲ. ಅವರ ಕಫ ಮತ್ತು ಎದೆಯ ಎಕ್ಸ್‌ರೇ ಪರೀಕ್ಷೆ ಮೊದಲು ಆಗಬೇಕು. ಸುಪ್ತ ಸೋಂಕಿನಲ್ಲಿ ರೋಗಾಣುಗಳು ಬಹಳ ಕಡಿಮೆ. ಆದರೆ ಶ್ವಾಸಕೋಶದಲ್ಲಿ ಕುಳಿ ಬಿದ್ದ ಕ್ಷಯದಲ್ಲಿ ಅವು ಕೋಟಿಗಟ್ಟಲೆ ಇರುತ್ತವೆ. ಸುಮಾರು ಹತ್ತು ಲಕ್ಷಕ್ಕೆ ಒಂದು ತಾನಾಗಿಯೇ ಐಸೋನಿಯಾಜಿಡ್‌ಗೆ ಜಗ್ಗದಂಥದ್ದಾಗಿರುತ್ತದೆ. ಆ ಒಂದೇ ಮಾತ್ರೆ ಕೊಟ್ಟರೆ ಉಳಿದವೆಲ್ಲ ಸತ್ತು, ಜಗ್ಗದವೇ ಬೆಳೆಯುತ್ತವೆ. ಚರ್ಮ ಪರೀಕ್ಷೆ ಪಾಸಿಟಿವ್ ಬಂದರೂ ಅದು ಸುಪ್ತ ಸೋಂಕೋ, ಕಾಯಿಲೆಯೋ ಎಂದು ಹೇಳಲಾರದು.

ಮಗಳಿಗೆ ಚರ್ಮ ಪರೀಕ್ಷೆಗಾಗಿ ಕಾಯಬೇಕಿಲ್ಲ. 5 ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಬೇಗ ಕಾಯಿಲೆಯಾಗುತ್ತದೆ, ಮಿದುಳಿನ ಪೊರೆಗೂ ಹಬ್ಬಬಹುದು. ಜ್ವರ, ಕೆಮ್ಮು, ತೂಕ ಏರದಿರುವುದು ಯಾವುದೂ ಇಲ್ಲವೆಂದು ಖಚಿತವಾದರೆ, ಕಿಲೋಗೆ 10 ಮಿ.ಗ್ರಾಂ. ಲೆಕ್ಕದಲ್ಲಿ, 15 ಕಿಲೋ ತೂಗುವ ಮಗುವಿಗೆ ದಿನಕ್ಕೆ 150 ಮಿ.ಗ್ರಾಂ. ಐಸೋನಿಯಾಜಿಡ್, ಆರು ತಿಂಗಳು. ತೂಕ ಹೆಚ್ಚಿದಂತೆ ಪ್ರಮಾಣವನ್ನೂ ತಿದ್ದಬೇಕು.

5 ವರ್ಷ ಮೀರಿದ ಮನೆಮಂದಿಯನ್ನೂ ಭಾರತದ ಕಾರ್ಯಕ್ರಮ 2021ರ ಮಾರ್ಗಸೂಚಿಯಲ್ಲಿ ಸೇರಿಸಿಕೊಂಡಿತು. ಹೆಂಡತಿಗೆ ಲಕ್ಷಣವಿಲ್ಲ, ಎಕ್ಸ್‌ರೇ ಸ್ವಚ್ಛ, ಸೈ-ಟಿಬಿ ಪಾಸಿಟಿವ್ ಎನ್ನೋಣ. ಅವರಿಗೆ ಐಸೋನಿಯಾಜಿಡ್ 900 ಮತ್ತು ರಿಫಾಪೆಂಟಿನ್ 900 ಮಿ.ಗ್ರಾಂ. ವಾರಕ್ಕೊಮ್ಮೆ, ಒಟ್ಟು 12 ಸಲ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಸಹಜವೆಂದು ಮೊದಲೇ ಹೇಳದಿದ್ದರೆ ಗಾಬರಿಯಿಂದ ಮಾತ್ರೆ ಬಿಡುವವರಿದ್ದಾರೆ. ಗರ್ಭನಿರೋಧಕ ಗುಳಿಗೆಯ ಪರಿಣಾಮ ಕುಗ್ಗುವುದರಿಂದ ಬೇರೆ ಉಪಾಯ ಬೇಕು. ಗರ್ಭಿಣಿಯಾಗಿದ್ದರೆ ಈ ಜೋಡಿ ಸಲ್ಲದು. ಊಟ ಸೇರದಿರುವುದು, ವಾಂತಿ, ಕಣ್ಣು ಹಳದಿಯಾಗುವುದು ಯಕೃತ್ತಿಗೆ ಪೆಟ್ಟಾದ ಸೂಚನೆ: ಅಂಥ ದಿನ ಮುಂದಿನ ಮಾತ್ರೆ ನುಂಗದೆ ವೈದ್ಯರನ್ನು ಕಾಣಬೇಕು.