ಖರೀದಿ ಬೇಡಿಕೆ ಪತ್ರದ ಅನುಮೋದನೆ

ಖರೀದಿ ಬೇಡಿಕೆ ಪತ್ರವು ಕಚೇರಿಯ ಒಂದು ವಿಭಾಗವು ತನಗೆ ಅಗತ್ಯವಾದ ವಸ್ತು ಅಥವಾ ಸೇವೆಯನ್ನು ಖರೀದಿಸುವಂತೆ ಕೋರಿ ಸಲ್ಲಿಸುವ ಆಂತರಿಕ ದಾಖಲೆಯಾಗಿದೆ. ರೂಢಿಯಲ್ಲಿ ಇದನ್ನು ಇಂಡೆಂಟ್ ಎಂದೂ ಕರೆಯುತ್ತಾರೆ. ಇದು ಮಾರಾಟಗಾರರಿಗೆ ಕಳುಹಿಸುವ ಖರೀದಿ ಆದೇಶಕ್ಕಿಂತ ಭಿನ್ನವಾದುದು. ಬೇಡಿಕೆ ಪತ್ರಕ್ಕೆ ಮಂಜೂರಾತಿ ದೊರೆತ ನಂತರವೇ ಖರೀದಿ ಆದೇಶ ಹೊರಡುತ್ತದೆ. ಮಂಜೂರಾತಿಗೆ ಮುನ್ನ ಎರಡು ಸಂಗತಿಗಳನ್ನು ಪರಿಶೀಲಿಸಲಾಗುತ್ತದೆ: ವಿಭಾಗದ ಆಯವ್ಯಯದಲ್ಲಿ ಹಣ ಉಳಿದಿದೆಯೇ ಎಂಬುದು ಮತ್ತು ಸಹಿ ಮಾಡುವವರಿಗೆ ಆ ಮೊತ್ತವನ್ನು ಮಂಜೂರು ಮಾಡುವ ಅಧಿಕಾರವಿದೆಯೇ ಎಂಬುದು.

ಆಯವ್ಯಯ ಪರಿಶೀಲನೆ

ಉಳಿದ ಹಣವನ್ನು ಲೆಕ್ಕ ಹಾಕುವಾಗ ಪಾವತಿಯಾದ ಬಿಲ್ಲುಗಳನ್ನು ಮಾತ್ರ ಕಳೆದರೆ ಸಾಲದು. ಆದೇಶ ಹೋಗಿದ್ದು ಬಿಲ್ಲು ಇನ್ನೂ ಬಾರದಿರುವ ಮೊತ್ತವನ್ನೂ ಕಳೆಯಬೇಕು. ಇದನ್ನು ಬದ್ಧ ವೆಚ್ಚ ಎನ್ನಬಹುದು.

ಉದಾಹರಣೆಗೆ, ಒಂದು ವಿಭಾಗಕ್ಕೆ ಕಚೇರಿ ಉಪಕರಣಗಳಿಗಾಗಿ ವರ್ಷಕ್ಕೆ 6,00,000 ರೂಪಾಯಿ ನಿಗದಿಯಾಗಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 3,80,000 ರೂಪಾಯಿ ಪಾವತಿಯಾಗಿದೆ; 1,50,000 ರೂಪಾಯಿಯ ಆದೇಶಗಳು ಬಾಕಿ ಇವೆ. ಲೆಕ್ಕದ ಪುಸ್ತಕದಲ್ಲಿ 2,20,000 ರೂಪಾಯಿ ಉಳಿದಂತೆ ಕಂಡರೂ ನಿಜವಾಗಿ ಲಭ್ಯವಿರುವುದು 70,000 ಮಾತ್ರ. ತಲಾ 28,000 ರೂಪಾಯಿಯ ಎರಡು ಪ್ರಿಂಟರುಗಳಿಗೆ ಶೇಕಡಾ 18ರ ಜಿಎಸ್‌ಟಿ ಸೇರಿ 66,080 ರೂಪಾಯಿ ಆಗುತ್ತದೆ. ಈ ಬೇಡಿಕೆಯನ್ನು ಮಂಜೂರು ಮಾಡಬಹುದು. ಅದರೊಡನೆ ಆ ಮೊತ್ತವೂ ಬದ್ಧ ವೆಚ್ಚಕ್ಕೆ ಸೇರಿ, ಲಭ್ಯ ಹಣ 3,920 ರೂಪಾಯಿಗೆ ಇಳಿಯುತ್ತದೆ. ಬಿಲ್ಲು ಪಾವತಿಯಾದಾಗ ಅದೇ ಮೊತ್ತ ಬದ್ಧ ವೆಚ್ಚದಿಂದ ನಿಜ ವೆಚ್ಚಕ್ಕೆ ವರ್ಗವಾಗುತ್ತದೆ. ರದ್ದಾದ ಆದೇಶದ ಮೊತ್ತವನ್ನು ಬಿಡುಗಡೆ ಮಾಡಲು ಮರೆತರೆ, ಹಣವಿದ್ದೂ ಮುಂದಿನ ಬೇಡಿಕೆಗಳು ತಿರಸ್ಕೃತವಾಗುತ್ತವೆ.

ಮಂಜೂರಾತಿ ಮಿತಿ

ಯಾರು ಎಷ್ಟು ಮೊತ್ತದವರೆಗೆ ಮಂಜೂರು ಮಾಡಬಹುದೆಂಬುದನ್ನು ಕಚೇರಿಯ ಅಧಿಕಾರ ಪ್ರತ್ಯಾಯೋಜನೆಯ ಆದೇಶವು ಗೊತ್ತುಪಡಿಸುತ್ತದೆ. ಮೇಲಿನ ಕಚೇರಿಯಲ್ಲಿ ಶಾಖಾಧಿಕಾರಿಯ ಮಿತಿ 50,000 ರೂಪಾಯಿ ಎಂದಾದರೆ, ಪ್ರಿಂಟರುಗಳ ಬೇಡಿಕೆಯು ವಿಭಾಗದ ಮುಖ್ಯಸ್ಥರಿಗೆ ಹೋಗಬೇಕು. ಮಿತಿಯನ್ನು ತೆರಿಗೆ ಸೇರಿದ ಮೊತ್ತಕ್ಕೆ ಅನ್ವಯಿಸಬೇಕೇ ಎಂಬುದನ್ನು ಆದೇಶದಲ್ಲಿಯೇ ಸ್ಪಷ್ಟಪಡಿಸದಿದ್ದರೆ ಗೊಂದಲ ಉಂಟಾಗುತ್ತದೆ.

ಬೇಡಿಕೆಯ ವಿಭಜನೆ

ಅದೇ ಬೇಡಿಕೆಯನ್ನು 33,040 ರೂಪಾಯಿಯ ಎರಡು ಪತ್ರಗಳಾಗಿ ಸಲ್ಲಿಸಿದರೆ ಎರಡೂ ಶಾಖಾಧಿಕಾರಿಯ ಮಿತಿಯೊಳಗೇ ಇರುತ್ತವೆ. ಮೇಲಧಿಕಾರಿಯ ಮಂಜೂರಾತಿಯನ್ನು ತಪ್ಪಿಸಲು ಹೀಗೆ ವಿಭಜಿಸುವುದನ್ನು ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017 ನಿಷೇಧಿಸುತ್ತವೆ. ಖಾಸಗಿ ಕಚೇರಿಗಳು ತಮ್ಮದೇ ನಿಯಮಗಳನ್ನು ಮಾಡಿಕೊಳ್ಳುತ್ತವೆ. ಪ್ರತಿ ಪತ್ರವನ್ನು ಪ್ರತ್ಯೇಕವಾಗಿ ನೋಡಿದರೆ ಈ ಲೋಪ ಗೋಚರಿಸುವುದಿಲ್ಲ. ಒಂದೇ ವಿಭಾಗ, ಒಂದೇ ಮಾರಾಟಗಾರ ಹಾಗೂ ಒಂದೇ ಬಗೆಯ ವಸ್ತುವಿಗೆ ಸಂಬಂಧಿಸಿದ ಕೆಲವು ವಾರಗಳ ಪತ್ರಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದು ಬೆಳಕಿಗೆ ಬರುತ್ತದೆ.

ಇತಿಮಿತಿಗಳು

ಈ ಎರಡು ಪರಿಶೀಲನೆಗಳು ಹಣ ಮತ್ತು ಅಧಿಕಾರಕ್ಕೆ ಮಾತ್ರ ಸಂಬಂಧಿಸಿವೆ. ವಸ್ತು ಉಗ್ರಾಣದಲ್ಲಿ ಈಗಾಗಲೇ ಇದೆಯೇ, ಕೇಳಿದ ದರ ನ್ಯಾಯವಾದುದೇ ಎಂಬುದನ್ನು ದಾಸ್ತಾನು ಪುಸ್ತಕ ಮತ್ತು ದರಪಟ್ಟಿಗಳ ಹೋಲಿಕೆಯಿಂದ ಬೇರೆಯಾಗಿಯೇ ತಿಳಿಯಬೇಕಾಗುತ್ತದೆ.