People also ask ಪ್ರಶ್ನೆಗಳಿಂದ ಉಪಶೀರ್ಷಿಕೆ, ನೇರ ಉತ್ತರ ಬರೆಯುವುದು ಹೇಗೆ? 'ಚೆನ್ನೈಗೆ ಕಾವೇರಿ ನೀರು' ಉದಾಹರಣೆ

ಗೂಗಲ್‌ನಲ್ಲಿ ಏನನ್ನಾದರೂ ಹುಡುಕಿದಾಗ ಫಲಿತಾಂಶಗಳ ನಡುವೆ People also ask ಎಂಬ ಪೆಟ್ಟಿಗೆ ಕಾಣಿಸುತ್ತದೆ. ಅದರಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಪ್ರಶ್ನೆಗಳಿರುತ್ತವೆ. ಒಂದರ ಮೇಲೆ ಒತ್ತಿದರೆ ಯಾವುದೋ ಜಾಲತಾಣದಿಂದ ಎತ್ತಿದ ಎರಡು ಮೂರು ಸಾಲಿನ ಉತ್ತರ ಮತ್ತು ಆ ಪುಟದ ಲಿಂಕ್ ತೆರೆದುಕೊಳ್ಳುತ್ತವೆ, ಕೆಳಗೆ ಇನ್ನಷ್ಟು ಪ್ರಶ್ನೆಗಳು ಸೇರಿಕೊಳ್ಳುತ್ತವೆ. ಸುದ್ದಿ ತಾಣಗಳ 'ನೀವು ತಿಳಿಯಬೇಕಾದದ್ದು' ಮಾದರಿಯ ಲೇಖನಗಳಲ್ಲಿ ಉಪಶೀರ್ಷಿಕೆಗಳು ಪ್ರಶ್ನೆಯ ರೂಪದಲ್ಲಿರುವುದಕ್ಕೆ ಈ ಪೆಟ್ಟಿಗೆ ಒಂದು ಮುಖ್ಯ ಕಾರಣ.

ಪ್ರಶ್ನೆಯನ್ನು ಉಪಶೀರ್ಷಿಕೆ ಮಾಡಿ, ಅದರ ಕೆಳಗೆ ಚಿಕ್ಕ ಉತ್ತರ ಕೊಟ್ಟು, ನಂತರ ವಿವರಕ್ಕೆ ಹೋಗುವುದು ಕೇಳಲು ಸುಲಭದ ಕೆಲಸ. ಆದರೆ ಆ ಚಿಕ್ಕ ಉತ್ತರ ಲೇಖನದಿಂದ ಕಳಚಿಕೊಂಡು ಒಂಟಿಯಾಗಿ ಓಡಾಡುತ್ತದೆ. ಮೊಬೈಲ್ ಪರದೆಯ ಚಿತ್ರವಾಗಿ ವಾಟ್ಸ್ಆ್ಯಪ್ ಗುಂಪುಗಳಿಗೂ ತಲುಪುತ್ತದೆ. ವಿಷಯ ಸೂಕ್ಷ್ಮವಾಗಿದ್ದರೆ ಅರ್ಧ ಸತ್ಯದ ಒಂದು ಸಾಲು ಸಾಕು, ಜಗಳಕ್ಕೆ. ಕನ್ನಡ ಓದುಗರಿಗೆ ಇದನ್ನು ವಿವರಿಸಲು 'ಚೆನ್ನೈ ಕುಡಿಯುವುದು ಕಾವೇರಿ ನೀರನ್ನೇ?' ಎಂಬ ಪ್ರಶ್ನೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪ್ರಶ್ನೆಗಳನ್ನು ಸಂಗ್ರಹಿಸುವುದು ಎಲ್ಲಿಂದ?

ಚೆನ್ನೈನ ಕುಡಿಯುವ ನೀರಿನ ಬಗ್ಗೆ ಕನ್ನಡದಲ್ಲಿ ಒಂದು ವಿವರಣಾ ಲೇಖನ ಸಿದ್ಧವಾಗಬೇಕಿದೆ ಎಂದುಕೊಳ್ಳಿ. ಮೊದಲ ಅಡಚಣೆ ಇಲ್ಲೇ ಇದೆ. ಕನ್ನಡ ಲಿಪಿಯಲ್ಲಿ ಹುಡುಕಿದರೆ ಈ ಪೆಟ್ಟಿಗೆ ಹಲವು ಬಾರಿ ಬರುವುದೇ ಇಲ್ಲ, ಬಂದರೂ ಪ್ರಶ್ನೆಗಳು ಕಡಿಮೆ. ಹಾಗಾಗಿ ಮೂರು ರೀತಿಯಲ್ಲಿ ಹುಡುಕಬೇಕಾಗುತ್ತದೆ: ಕನ್ನಡ ಲಿಪಿಯಲ್ಲಿ 'ಚೆನ್ನೈ ಕಾವೇರಿ ನೀರು', ಜನ ಮೊಬೈಲ್‌ನಲ್ಲಿ ಟೈಪ್ ಮಾಡುವಂತೆ chennai ge kaveri neeru, ಮತ್ತು ಇಂಗ್ಲಿಷ್‌ನಲ್ಲಿ chennai water source. ಹುಡುಕಾಟದ ವಿಳಾಸದ ಕೊನೆಗೆ ಭಾಷೆ ಮತ್ತು ದೇಶವನ್ನು ಸೂಚಿಸಿದರೆ ಫಲಿತಾಂಶ ಭಾರತದ ಕನ್ನಡ ಓದುಗರು ನೋಡುವುದಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ.

```
https://www.google.com/search?q=chennai+water+source&hl=kn&gl=in
```

ಲಾಗಿನ್ ಆಗದ ಖಾಸಗಿ ಕಿಟಕಿಯಲ್ಲಿ ಹುಡುಕುವುದು ಒಳ್ಳೆಯದು, ಇಲ್ಲದಿದ್ದರೆ ಹಳೆಯ ಹುಡುಕಾಟಗಳ ನೆರಳು ಬೀಳುತ್ತದೆ. ಮೊದಲು ಕಾಣುವ ಪ್ರಶ್ನೆಗಳನ್ನು ಯಾವುದನ್ನೂ ಒತ್ತದೆ ಬರೆದುಕೊಳ್ಳಬೇಕು. ಒಂದನ್ನು ಒತ್ತಿದ ಮೇಲೆ ಬರುವ ಪ್ರಶ್ನೆಗಳು ಆ ಪ್ರಶ್ನೆಯ ಜಾಡು ಹಿಡಿದು ಹೋಗುತ್ತವೆ, ನಾಲ್ಕೈದು ಬಾರಿ ಒತ್ತುವಷ್ಟರಲ್ಲಿ ಚೆನ್ನೈ ನೀರಿನಿಂದ ಬೇರೆಲ್ಲಿಗೋ ತಲುಪಿರುತ್ತೇವೆ.

ಸಿಕ್ಕಿದ್ದೆಲ್ಲ ಉಪಶೀರ್ಷಿಕೆ ಅಲ್ಲ

ಇಂಥ ಹುಡುಕಾಟದಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಹೀಗಿರುತ್ತವೆ: ಚೆನ್ನೈನ ಮುಖ್ಯ ನೀರಿನ ಮೂಲ ಯಾವುದು? ಚೆನ್ನೈಗೆ ನೀರು ಕೊಡುವ ಕೆರೆ ಯಾವುದು? ಚೆನ್ನೈಗೆ ಕಾವೇರಿ ನೀರು ಬರುತ್ತದೆಯೇ? ಕೃಷ್ಣಾ ನೀರು ಚೆನ್ನೈಗೆ ಹೇಗೆ ಬರುತ್ತದೆ? ಚೆನ್ನೈನಲ್ಲಿ ನೀರು ಖಾಲಿಯಾಗಿದೆಯೇ?

ಮೊದಲೆರಡಕ್ಕೆ ಉತ್ತರ ಬರೆದು ನೋಡಿದರೆ ಎರಡರಲ್ಲೂ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ಎಂಬ ಅದೇ ನಾಲ್ಕು ಹೆಸರುಗಳು ಬರುತ್ತವೆ. ಎರಡು ಉತ್ತರಗಳಲ್ಲಿ ಒಂದೇ ವಾಕ್ಯ ಮರುಕಳಿಸಿದರೆ ಆ ಪ್ರಶ್ನೆಗಳು ಒಂದೇ ಎಂದರ್ಥ. ಅವನ್ನು ಸೇರಿಸಿ ಒಂದು ಉಪಶೀರ್ಷಿಕೆ ಮಾಡಬೇಕು. ಹೀಗೆ ಮಾಡದೆ ಸಿಕ್ಕ ಹತ್ತನ್ನೂ ಸಾಲಾಗಿ ಜೋಡಿಸಿದ ಲೇಖನಗಳು ಕ್ವಿಜ್ ಪುಸ್ತಕದಂತೆ ಕಾಣುತ್ತವೆ.

ಕೊನೆಯ ಪ್ರಶ್ನೆಯ ತೊಂದರೆ ಬೇರೆ. ಅದು 2019ರ ಬೇಸಿಗೆಯ ಪ್ರಶ್ನೆ. ಆ ವರ್ಷ ನಾಲ್ಕೂ ಜಲಾಶಯಗಳು ಬಹುತೇಕ ಬತ್ತಿ, ಜುಲೈ 12ರಂದು ಜೋಲಾರ್‌ಪೇಟೆಯಿಂದ 25 ಲಕ್ಷ ಲೀಟರ್ ನೀರು ಹೊತ್ತ ಮೊದಲ ರೈಲು ಚೆನ್ನೈ ತಲುಪಿತ್ತು. ಸುದ್ದಿ ಹಳೆಯದಾದರೂ ಪ್ರಶ್ನೆ ಉಳಿದುಕೊಂಡಿದೆ. ಅದನ್ನು ಹಾಗೇ ಎತ್ತಿಕೊಂಡರೆ ಲೇಖನವು ಇಂದಿನ ಸ್ಥಿತಿಯನ್ನು ಹೇಳುತ್ತಿದೆ ಎಂದು ಓದುಗರು ಭಾವಿಸುತ್ತಾರೆ. '2019ರಲ್ಲಿ ಚೆನ್ನೈಗೆ ರೈಲಿನಲ್ಲಿ ನೀರು ತಂದಿದ್ದೇಕೆ?' ಎಂದು ವರ್ಷ ಸೇರಿಸಿ ಬದಲಿಸಿದರೆ ಅದೇ ಪ್ರಶ್ನೆ ಸರಿಯಾಗುತ್ತದೆ.

ಪೆಟ್ಟಿಗೆಯಲ್ಲಿ ಬಂದ ಮಾತ್ರಕ್ಕೆ ಪ್ರಶ್ನೆಯ ಒಳಗಿನ ಊಹೆ ನಿಜವಾಗಿರಬೇಕೆಂದಿಲ್ಲ. 'ಕರ್ನಾಟಕ ಚೆನ್ನೈಗೆ ನೀರು ನಿಲ್ಲಿಸಿದ್ದೇಕೆ?' ಎಂಬಂಥ ಪ್ರಶ್ನೆಗೆ ಉತ್ತರ ಕೊಡಲು ಹೊರಟರೆ, ನಿಲ್ಲಿಸಿದೆ ಎಂಬುದನ್ನು ಒಪ್ಪಿಕೊಂಡಂತೆಯೇ ಆಗುತ್ತದೆ. ಅದನ್ನು ಬಿಟ್ಟುಬಿಡುವುದೇ ಲೇಸು.

ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವುದು

ಇಂಗ್ಲಿಷ್ ಪ್ರಶ್ನೆಯನ್ನು ಪದಕ್ಕೆ ಪದ ತಂದರೆ 'ಚೆನ್ನೈ ತನ್ನ ನೀರನ್ನು ಎಲ್ಲಿಂದ ಪಡೆಯುತ್ತದೆ?' ಎಂದಾಗುತ್ತದೆ. ಮನೆಯಲ್ಲಿ ಯಾರೂ ಹೀಗೆ ಕೇಳುವುದಿಲ್ಲ, ಗೂಗಲ್‌ನಲ್ಲೂ ಟೈಪ್ ಮಾಡುವುದಿಲ್ಲ. 'ಚೆನ್ನೈಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ?' ಎಂಬುದು ಕನ್ನಡ. ಊರಿನ ಹೆಸರು ಮೊದಲು, ವಿಷಯ ನಂತರ, ಪ್ರಶ್ನೆಯ ಪದ ಕೊನೆಗೆ. ಜನ ಹುಡುಕುವ ಕ್ರಮವೂ ಹೆಚ್ಚಾಗಿ ಇದೇ.

ಚೆನ್ನೈಗೆ ಕಾವೇರಿ ನೀರು: ಮೂರು ಉತ್ತರಗಳು

ಈಗ ನಿಜವಾದ ಕೆಲಸ. ಪ್ರಶ್ನೆ: ಚೆನ್ನೈಗೆ ಕಾವೇರಿ ನೀರು ಬರುತ್ತದೆಯೇ? ಅವಸರದಲ್ಲಿ ಹೊಳೆಯುವ ಉತ್ತರ ಇದು:

'ಹೌದು, 2004ರಿಂದ ಅದು ಪೈಪ್ ಮೂಲಕ ಬರುತ್ತಿದೆ.'

ಸುಳ್ಳಲ್ಲ. ಆದರೆ ಉಪಶೀರ್ಷಿಕೆಯನ್ನು ತೆಗೆದರೆ 'ಅದು' ಯಾವುದು, ಬರುತ್ತಿರುವುದು ಎಲ್ಲಿಗೆ ಎಂಬುದೇ ತಿಳಿಯುವುದಿಲ್ಲ. ಕಳಚಿ ಹೋಗುವ ಉತ್ತರದಲ್ಲಿ ಊರು, ನದಿ, ವರ್ಷ ಎಲ್ಲವೂ ಅದರೊಳಗೇ ಇರಬೇಕು. ಅದನ್ನು ತಿದ್ದಿ ಹೀಗೆ ಬರೆಯಬಹುದು:

'ಚೆನ್ನೈ ನಗರಕ್ಕೆ 2004ರಿಂದ ಕಾವೇರಿ ನೀರು ಪೈಪ್ ಮೂಲಕ ಪೂರೈಕೆಯಾಗುತ್ತಿದೆ.'

ಇದು ಒಂಟಿಯಾಗಿ ನಿಲ್ಲುತ್ತದೆ, ಆದರೆ ದಾರಿ ತಪ್ಪಿಸುತ್ತದೆ. ಮುಂಗಾರು ಕೈಕೊಟ್ಟು ಮಂಡ್ಯದಲ್ಲಿ ರೈತರು ರಸ್ತೆಗಿಳಿದ ದಿನ ಈ ಸಾಲನ್ನು ಓದಿದವರು, ಕೆಆರ್‌ಎಸ್‌ನಿಂದ ಬಿಟ್ಟ ನೀರು ನೇರ ಚೆನ್ನೈನ ನಲ್ಲಿಗೆ ಹೋಗುತ್ತಿದೆ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಎಷ್ಟು ಎಂಬುದು ಇಲ್ಲ, ಬೇರೆ ಮೂಲಗಳ ಸುಳಿವೂ ಇಲ್ಲ. ಮೂರನೆಯ ರೂಪ ಇದು:

'ಚೆನ್ನೈನ ಕುಡಿಯುವ ನೀರಿನಲ್ಲಿ ಕಾವೇರಿಯದು ಒಂದು ಭಾಗ ಮಾತ್ರ. ಕಡಲೂರು ಜಿಲ್ಲೆಯ ವೀರಾಣಂ ಕೆರೆಯಿಂದ 2004ರಿಂದ ಪೈಪ್ ಮೂಲಕ ಬರುವ ಈ ನೀರಿನ ಯೋಜನಾ ಸಾಮರ್ಥ್ಯ ದಿನಕ್ಕೆ 18 ಕೋಟಿ ಲೀಟರ್. ಉಳಿದ ನೀರು ನಗರದ ಸುತ್ತಲಿನ ಜಲಾಶಯಗಳು, ಕೃಷ್ಣಾ ಕಾಲುವೆ ಮತ್ತು ಸಮುದ್ರ ನೀರಿನ ಶುದ್ಧೀಕರಣ ಘಟಕಗಳಿಂದ ಬರುತ್ತದೆ.'

ಮೂವತ್ತೈದರ ಆಸುಪಾಸಿನ ಪದಗಳು. ಇಂಗ್ಲಿಷ್‌ನಲ್ಲಿ 40ರಿಂದ 60 ಪದಗಳ ಉತ್ತರ ಒಳ್ಳೆಯದೆಂದು ಈ ಕೆಲಸದವರು ಹೇಳುವುದುಂಟು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದದೊಳಗೇ ಸೇರುವುದರಿಂದ ಅಷ್ಟೇ ವಿಷಯಕ್ಕೆ ಪದಗಳು ಕಡಿಮೆ ಸಾಕು, ಆದರೆ ಪದಗಳು ಉದ್ದ. ಇಲ್ಲಿ ಪದ ಎಣಿಸುವುದಕ್ಕಿಂತ ಮೊದಲ ವಾಕ್ಯವನ್ನಷ್ಟೇ ಓದಿ ನೋಡುವುದು ಉಪಯುಕ್ತ, ಏಕೆಂದರೆ ಗೂಗಲ್ ಎಲ್ಲಿ ಕತ್ತರಿಸುತ್ತದೆ ಎಂಬುದು ಬರೆದವರ ಕೈಯಲ್ಲಿಲ್ಲ. ಮೇಲಿನ ಉತ್ತರದಲ್ಲಿ 'ಒಂದು ಭಾಗ ಮಾತ್ರ' ಎಂಬುದು ಮೊದಲ ವಾಕ್ಯದಲ್ಲೇ ಇರುವುದು ಇದೇ ಕಾರಣಕ್ಕೆ. ಅದು ಮೂರನೇ ವಾಕ್ಯಕ್ಕೆ ಜಾರಿದ್ದರೆ ಉತ್ತರವೇ ಬದಲಾಗುತ್ತಿತ್ತು.

ಕೆಳಗಿನ ವಿವರದಲ್ಲಿ ಏನಿರಬೇಕು?

ನೇರ ಉತ್ತರ ಓದಿದವರು ಪುಟಕ್ಕೆ ಬರಬೇಕಾದರೆ ಅಲ್ಲಿ ಅದಕ್ಕಿಂತ ಹೆಚ್ಚಿನದು ಇರಬೇಕು. ಮೂರು ಸಾಲುಗಳನ್ನೇ ಎಳೆದು ಮೂವತ್ತು ಮಾಡಿದರೆ ಬಂದವರು ಹಿಂದಿರುಗುತ್ತಾರೆ.

ಈ ಲೇಖನದಲ್ಲಿ ಅಂಥ ವಿಷಯ ಬೇಕಾದಷ್ಟಿದೆ. ಮೊದಲನೆಯದು ಅಳತೆ. ತಮಿಳುನಾಡಿನ ಲೆಕ್ಕಗಳು ದಿನಕ್ಕೆ ಎಷ್ಟು ಲೀಟರ್ ಎಂದು ಹೇಳುತ್ತವೆ, ಕರ್ನಾಟಕದ ಓದುಗರಿಗೆ ಗೊತ್ತಿರುವುದು ಟಿಎಂಸಿ. ದಿನಕ್ಕೆ 18 ಕೋಟಿ ಲೀಟರ್ ವರ್ಷವಿಡೀ ನಿಲ್ಲದೆ ಹರಿದರೂ ಆಗುವುದು ಸುಮಾರು 2.3 ಟಿಎಂಸಿ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದದ್ದು ವರ್ಷಕ್ಕೆ 177.25 ಟಿಎಂಸಿ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಚೆನ್ನೈನ ಪಾಲಿನ ಗಾತ್ರ ಓದುಗರಿಗೆ ತಾನಾಗಿ ತಿಳಿಯುತ್ತದೆ.

ಎರಡನೆಯದು ದಾರಿ. ಬಿಳಿಗುಂಡ್ಲು ದಾಟಿದ ನೀರು ಮೆಟ್ಟೂರು ಅಣೆಕಟ್ಟಿಗೆ ಸೇರುತ್ತದೆ. ಅಲ್ಲಿಂದ ಕೆಳಗೆ ಭವಾನಿ, ನೊಯ್ಯಲ್, ಅಮರಾವತಿ ನದಿಗಳು ಕಾವೇರಿಯನ್ನು ಕೂಡಿಕೊಳ್ಳುತ್ತವೆ. ಚೋಳರ ಕಾಲದ ವೀರಾಣಂ ಕೆರೆ ತುಂಬುವುದು ಇನ್ನೂ ಕೆಳಗೆ, ಕೊಳ್ಳಿಡಂ ಕವಲಿನ ನೀರಿನಿಂದ. ಅದಕ್ಕೆ ಹಿಂಗಾರು ಮಳೆಯ ನೀರೂ ಸೇರುತ್ತದೆ. ಹಾಗಾಗಿ 'ಕಾವೇರಿ ನೀರು' ಎಂಬುದೂ 'ಕರ್ನಾಟಕ ಬಿಟ್ಟ ನೀರು' ಎಂಬುದೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಮೂರು ಸಾಲಿನಲ್ಲಿ ಹಿಡಿಸಲಾಗದು, ವಿವರದಲ್ಲಿ ಹೇಳಲೇಬೇಕು.

ಪೆಟ್ಟಿಗೆಯ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಸಿಗದ ಇನ್ನೊಂದು ಸಂಗತಿಯೂ ಇದೆ. ಚೆನ್ನೈಗೆ ನೀರು ಕೊಡಲು ಕರ್ನಾಟಕ ಒಪ್ಪಿರುವುದು ಕೃಷ್ಣಾ ನದಿಯಿಂದ. 1976ರ ಒಪ್ಪಂದದಂತೆ ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶ ತಮ್ಮ ಕೃಷ್ಣಾ ಪಾಲಿನಿಂದ ತಲಾ 5 ಟಿಎಂಸಿ ಬಿಟ್ಟುಕೊಟ್ಟವು. ಅದೇ ತೆಲುಗು ಗಂಗಾ ಯೋಜನೆ. ಶ್ರೀಶೈಲದಿಂದ ಹೊರಟ ನೀರು ಸೋಮಶಿಲ, ಕಂಡಲೇರು ಜಲಾಶಯಗಳನ್ನು ದಾಟಿ ಕಾಲುವೆಯಲ್ಲಿ ಪೂಂಡಿ ಸೇರುತ್ತದೆ. ಆವಿಯಾಗುವ 3 ಟಿಎಂಸಿ ಕಳೆದು ಗಡಿಯಲ್ಲಿ ಸಿಗಬೇಕಾದದ್ದು 12 ಟಿಎಂಸಿ, ಬಹುತೇಕ ವರ್ಷ ಬಂದದ್ದು ಅದಕ್ಕಿಂತ ಕಡಿಮೆ. 'ಚೆನ್ನೈನ ನೀರಿನಲ್ಲಿ ಕರ್ನಾಟಕದ ಪಾಲೆಷ್ಟು?' ಎಂದು ಇದಕ್ಕೊಂದು ಸ್ವಂತ ಉಪಶೀರ್ಷಿಕೆ ಕೊಡಬಹುದು. ಕನ್ನಡ ಓದುಗರ ಪ್ರಶ್ನೆಗಳೆಲ್ಲ ಆ ಪೆಟ್ಟಿಗೆಯಲ್ಲೇ ಸಿಗಬೇಕೆಂಬ ನಿಯಮವೇನೂ ಇಲ್ಲ.

ಪುಟದಲ್ಲಿ ಜೋಡಿಸುವ ಕ್ರಮ

ಉಪಶೀರ್ಷಿಕೆಯನ್ನು ಬರೀ ದಪ್ಪಕ್ಷರ ಮಾಡದೆ ನಿಜವಾದ ಶೀರ್ಷಿಕೆಯಾಗಿ ಗುರುತಿಸಬೇಕು. ಅದರ ಕೆಳಗಿನ ಮೊದಲ ಪ್ಯಾರಾವೇ ಉತ್ತರವಾಗಿರಬೇಕು, ನಡುವೆ ಚಿತ್ರವಾಗಲಿ ಜಾಹೀರಾತಾಗಲಿ 'ಇದನ್ನೂ ಓದಿ' ಲಿಂಕ್ ಆಗಲಿ ಬೇಡ.

```
<h2>ಚೆನ್ನೈಗೆ ಕಾವೇರಿ ನೀರು ಬರುತ್ತದೆಯೇ?</h2>
<p>ಚೆನ್ನೈನ ಕುಡಿಯುವ ನೀರಿನಲ್ಲಿ ಕಾವೇರಿಯದು ಒಂದು ಭಾಗ ಮಾತ್ರ. ...</p>
<div data-nosnippet>ಇಂದಿನ ಜಲಾಶಯ ಮಟ್ಟ: ...</div>
```

ಕೊನೆಯ ಸಾಲಿನ data-nosnippet ಗುರುತು, ಆ ಭಾಗವನ್ನು ಎತ್ತಿ ತೋರಿಸಬೇಡ ಎಂದು ಗೂಗಲ್‌ಗೆ ಹೇಳುತ್ತದೆ. ಪುಳಲ್‌ನ ಇಂದಿನ ನೀರಿನ ಮಟ್ಟದಂಥ, ನಾಳೆ ಹಳೆಯದಾಗುವ ಅಂಕಿಗಳಿಗೆ ಇದು ತಕ್ಕ ಜಾಗ. ಪ್ರಶ್ನೋತ್ತರಕ್ಕೆಂದೇ ಇರುವ FAQPage ಕೋಡ್ ಹಾಕಿದರೆ ಪೆಟ್ಟಿಗೆಗೆ ಸೇರಬಹುದೆಂಬ ನಂಬಿಕೆ ಇನ್ನೂ ಇದೆ. ಆ ಕೋಡ್‌ನಿಂದ ಸಿಗುತ್ತಿದ್ದ ವಿಶೇಷ ಪ್ರದರ್ಶನವನ್ನು 2023ರ ಆಗಸ್ಟ್‌ನಲ್ಲೇ ಗೂಗಲ್ ಸರ್ಕಾರಿ ಮತ್ತು ಆರೋಗ್ಯ ಕ್ಷೇತ್ರದ ಪ್ರಮುಖ ತಾಣಗಳಿಗೆ ಸೀಮಿತಗೊಳಿಸಿತು. ಸುದ್ದಿ ಪುಟಕ್ಕೆ ಅದರ ಹಿಂದೆ ಓಡುವ ಅಗತ್ಯವಿಲ್ಲ.

ಪ್ರಕಟಿಸಿದ ಕೆಲವು ವಾರಗಳ ನಂತರ ಸರ್ಚ್ ಕನ್ಸೋಲ್‌ನಲ್ಲಿ ಯಾವ ಪ್ರಶ್ನೆಗಳಿಗೆ ಪುಟ ಕಾಣಿಸಿದೆ ಎಂದು ನೋಡಬೇಕು. ಪುಟ ಕಾಣಿಸುತ್ತಿದ್ದರೂ ಯಾರೂ ಒತ್ತುತ್ತಿಲ್ಲವೆಂದರೆ ಚಿಕ್ಕ ಉತ್ತರದಿಂದಲೇ ಅವರ ಕೆಲಸ ಮುಗಿದಿರಬಹುದು. ಆಗ ಉತ್ತರವನ್ನು ಅರ್ಧಕ್ಕೆ ನಿಲ್ಲಿಸಿ ಕುತೂಹಲ ಕೆರಳಿಸುವ ಆಸೆ ಹುಟ್ಟುತ್ತದೆ. ಚೆನ್ನೈ ನೀರಿನಂಥ ವಿಷಯದಲ್ಲಿ ಹಾಗೆ ಅರ್ಧಕ್ಕೆ ನಿಂತ ಸಾಲೇ ಮೇಲಿನ ಎರಡನೆಯ ಉತ್ತರ.